ತೊಟ್ಟಿನ ಬುಡ ಮೆತ್ತಗಾಗುವವರೆಗೆ

ಬದನೆಕಾಯಿ ಸುಡುವಾಗ ಬಹುಪಾಲು ಜನ ಸಿಪ್ಪೆ ನೋಡಿ ಗ್ಯಾಸ್ ಆರಿಸುತ್ತಾರೆ. ಸುತ್ತಲೂ ಕರ್ರಗಾಯಿತು, ಅಲ್ಲಲ್ಲಿ ಬಿರಿಯಿತು, ಇನ್ನೇನು ಆಯಿತು ಎಂದು ಇಳಿಸಿಬಿಡುತ್ತಾರೆ. ಆಮೇಲೆ ಸಿಪ್ಪೆ ಸುಲಿದು ಕಿವುಚಲು ಕೂತರೆ ಕೆಳಗಿನ ಅರ್ಧ ಬೆರಳ ಸಂದಿಯಲ್ಲಿ ಜಾರಿಹೋಗುವಷ್ಟು ಮೆತ್ತಗೆ, ಮೇಲಿನ ಅರ್ಧ ಜಗ್ಗಿದರೂ ಜಗ್ಗದ ಬಿಳಿ ಗಂಟು. ಆ ಗಂಟನ್ನು ಮಿಕ್ಸಿಗೆ ಹಾಕಿ ತಿರುಗಿಸಿದರೆ ಗೊಜ್ಜು ನೋಡಲು ನಯವಾಗುತ್ತದೆ, ಆದರೆ ಹಸಿ ಒಗರು ಹಾಗೇ ಉಳಿಯುತ್ತದೆ. ಒಬ್ಬೊಬ್ಬರಿಗೆ ಗಂಟಲೂ ಕೆರೆಯುತ್ತದೆ. "ನಮ್ಮ ಮನೇಲಿ ಬದನೆಕಾಯಿ ಯಾರಿಗೂ ಆಗಲ್ಲ" ಎನ್ನುವವರಲ್ಲಿ ಹಲವರು ಬೆಂದ ಬದನೆಕಾಯಿಯನ್ನೇ ತಿಂದಿರಲಿಕ್ಕಿಲ್ಲ ಎನ್ನುವುದು ನನ್ನ ಗುಮಾನಿ.

ನಮ್ಮ ಮಲೆನಾಡಿನ ಮನೆಯಲ್ಲಿ ಬದನೆ ಸುಡುವುದು ಅಡುಗೆಮನೆಯ ಕೆಲಸವೇ ಆಗಿರಲಿಲ್ಲ, ಅದು ಬಚ್ಚಲೊಲೆಯ ಪಾಲು. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದು, ಹಂಡೆಯ ಕೆಳಗಿನ ಉರಿ ಇಳಿದು ಬರೀ ಕೆಂಡ ಉಳಿದಿರುವ ಹೊತ್ತಿಗೆ ಅಜ್ಜಿ ಅದನ್ನು ಒಲೆಯ ಬಾಯಿಗೆ ಎಳೆದು, ಮೇಲೆ ಕಾಯಿ ಇಟ್ಟು ತೋಟದ ಕಡೆ ಹೋಗುತ್ತಿದ್ದರು. ತಿರುಗಿಸುವ ಕೆಲಸ ಮಕ್ಕಳದ್ದು. ಆಯಿತೇನೋ ಎಂದು ಕೂಗಿದರೆ ಅಲ್ಲಿಂದಲೇ ಉತ್ತರ: "ಮೇಲಿನ ಕಪ್ಪು ನೋಡ್ಬೇಡ ಮಾರಾಯ್ತಿ, ತೊಟ್ಟಿನ ಬುಡ ಒತ್ತಿ ನೋಡು." ಸುಡುವ ವಿದ್ಯೆಯಲ್ಲಿ ಇದಕ್ಕಿಂತ ಉಪಯೋಗದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಯಾಕೆ ತೊಟ್ಟಿನ ಬುಡವೇ ಎಂದರೆ, ಬದನೆಕಾಯಿಯ ಒಳಗಿನ ರಚನೆಯೇ ಹಾಗಿದೆ. ಅದರ ತೂಕದಲ್ಲಿ ನೂರಕ್ಕೆ 92ರಷ್ಟು ನೀರು. ಆದರೂ ಕಾಯಿ ಹಗುರ, ಯಾಕೆಂದರೆ ತಿರುಳಿನ ತುಂಬ ಗಾಳಿಯ ಸಣ್ಣ ಸಣ್ಣ ಗೂಡುಗಳಿವೆ, ಸ್ಪಂಜಿನ ಹಾಗೆ. ಗಾಳಿ ತುಂಬಿದ್ದು ಬಿಸಿಯನ್ನು ಬೇಗ ಸಾಗಿಸುವುದಿಲ್ಲ. ಹಾಗಾಗಿ ಸಿಪ್ಪೆ ಹತ್ತಿ ಉರಿಯುತ್ತಿದ್ದರೂ ನಡುವಿನ ತಿರುಳು ಬಹಳ ಹೊತ್ತು ತಣ್ಣಗೇ ಇರುತ್ತದೆ. ಸಿಪ್ಪೆಯ ಹತ್ತಿರದ ನೀರು ಮೊದಲು ಹಬೆಯಾಗಿ, ಆ ಹಬೆ ಒಳಗೊಳಗೆ ಹರಿದು ಮುಂದಿನ ಪದರವನ್ನು ಬೇಯಿಸುತ್ತದೆ. ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಸಡಿಲವಾಗಲು ಸುಮಾರು 85 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು. ಅದು ಸಡಿಲವಾದಂತೆ ಗೂಡುಗಳು ಕುಸಿದು ಗಾಳಿ ಹೊರಹೋಗುತ್ತದೆ, ಕಾಯಿ ಬಳುಕುತ್ತದೆ. ತಿರುಳಿನಲ್ಲಿ ನೀರಿರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿಯ ಆಸುಪಾಸು ದಾಟುವುದಿಲ್ಲ. ಹೊರಗೆ ಇದ್ದಿಲಾಗುವಷ್ಟು ಸುಟ್ಟರೂ ಒಳಗೆ ರಸ ಇರುವುದು ಇದರಿಂದಲೇ.

ಅಂದರೆ ಒಂದೇ ಕಾಯಿಯಲ್ಲಿ ಎರಡು ಕೆಲಸ ಬೇರೆ ಬೇರೆ ವೇಗದಲ್ಲಿ ನಡೆಯುತ್ತಿರುತ್ತವೆ. ಸಿಪ್ಪೆ ಸುಡುವುದು ಉರಿಯ ಜೋರಿಗೆ ಸಂಬಂಧಪಟ್ಟದ್ದು. ತಿರುಳು ಬೇಯುವುದು ಕಾಯಿಯ ದಪ್ಪಕ್ಕೆ ಸಂಬಂಧಪಟ್ಟದ್ದು. ತೊಟ್ಟಿನ ಬುಡದಲ್ಲಿ ತಿರುಳು ಒತ್ತಾಗಿದೆ, ಬೀಜ ಕಡಿಮೆ, ಮೇಲೆ ತೊಟ್ಟಿನ ಹಸಿರು ಟೊಪ್ಪಿ ಬೇರೆ ಮುಚ್ಚಿಕೊಂಡಿದೆ, ಉರಿ ನೇರ ತಾಗುವುದೂ ಕಮ್ಮಿ. ಅದು ಬೆಂದಿತು ಎಂದರೆ ಉಳಿದದ್ದೆಲ್ಲ ಬೆಂದಿರಲೇಬೇಕು.

ಕಾಯಿ ಆರಿಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಸುಡಲು ಗುಂಡು ಬದನೆಯೇ ಒಳ್ಳೆಯದು, ಒಂದೊಂದು 300ರಿಂದ 350 ಗ್ರಾಂ ತೂಗುವಂಥದ್ದು. ಅದಕ್ಕಿಂತ ಚಿಕ್ಕದಾದರೆ ಸುಲಿದ ಮೇಲೆ ಕೈಗೆ ಬರುವ ತಿರುಳು ಲೆಕ್ಕಕ್ಕಿಲ್ಲ, ಅರ್ಧ ಕೇಜಿ ಮೀರಿದರೆ ನಡುಭಾಗ ಬೇಯುವಷ್ಟರಲ್ಲಿ ಹೊರಗಿನ ಒಂದು ಪದರ ತಿರುಳು ಸಿಪ್ಪೆಯ ಜೊತೆ ಸುಟ್ಟುಹೋಗುತ್ತದೆ. ಗಾತ್ರ ಒಂದೇ ಇರುವ ಎರಡು ಕಾಯಿ ಕೈಯಲ್ಲಿ ಹಿಡಿದು ನೋಡಿ, ಹಗುರವಾದದ್ದನ್ನು ತೆಗೆದುಕೊಳ್ಳುತ್ತೇನೆ. ಭಾರದ್ದರಲ್ಲಿ ಬೀಜ ಬಲಿತಿರುವುದೇ ಹೆಚ್ಚು, ಬಲಿತು ಕಂದಾದ ಬೀಜ ಕಹಿ. ಸಿಪ್ಪೆ ಹೊಳೆಯಬೇಕು, ತೊಟ್ಟು ಹಸಿರಾಗಿರಬೇಕು. ಉಡುಪಿ ಕಡೆಯವರಿಗೆ ಈ ಚಿಂತೆ ಕಡಿಮೆ. ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳ ತೆಳು ಸಿಪ್ಪೆಯದ್ದು, ಬೇಗ ಕರಗಿ ಬೇಯುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕ ಮೇಲೆ ಬೆಂಗಳೂರಿನ ಅಂಗಡಿಗಳಲ್ಲೂ 'ಗುಳ್ಳ' ಎಂದು ಹೇಳಿ ಸಿಕ್ಕ ಹಸಿರು ಬದನೆಯನ್ನೆಲ್ಲ ಮಾರುವುದುಂಟು, ಅದು ಬೇರೆ ಕತೆ. ಗುಳ್ಳ ಸುಡುವುದಾದರೆ ಉರಿ ಸಣ್ಣದಿರಲಿ. ಸಿಪ್ಪೆ ತೆಳುವಾದ್ದರಿಂದ ಜೋರು ಉರಿಯಲ್ಲಿ ತಿರುಳಿಗೇ ಬೆಂಕಿ ತಾಗಿಬಿಡುತ್ತದೆ.

ಇನ್ನು ಹುಳು. ಕಾಯಿಕೊರಕ ಹುಳು ಹೊರಗೆ ಒಂದು ಸಣ್ಣ ಚುಕ್ಕೆಯಷ್ಟೇ ಗುರುತು ಬಿಟ್ಟು ಒಳಗೆಲ್ಲ ಸುರಂಗ ಕೊರೆದಿರುತ್ತದೆ. ಇಡೀ ಕಾಯಿ ಸುಟ್ಟ ಮೇಲೆ ಅದು ಕಂಡರೆ ಆ ದಿನ ಮನೆಯಲ್ಲಿ ಯಾರೂ ಗೊಜ್ಜು ಮುಟ್ಟುವುದಿಲ್ಲ. ಹಾಗಾಗಿ ಕಾಯಿಯ ಕೆಳತುದಿಯಿಂದ ತೊಟ್ಟಿನ ಕಡೆಗೆ ಮುಕ್ಕಾಲು ಭಾಗದವರೆಗೆ ಒಂದೇ ಒಂದು ಸೀಳು ಹಾಕಿ, ಸ್ವಲ್ಪ ಅಗಲಿಸಿ ನೋಡಿಬಿಡುವುದು ಒಳ್ಳೆಯದು. ಎಣ್ಣೆಗಾಯಿಗೆ ಸೀಳುವಂತೆ ನಾಲ್ಕು ಭಾಗ ಮಾಡಬಾರದು, ರಸವೆಲ್ಲ ಬರ್ನರಿಗೆ ಸುರಿಯುತ್ತದೆ. ಒಂದು ಸೀಳಿನಿಂದ ಲಾಭವೂ ಇದೆ: ಹಬೆಗೆ ದಾರಿಯಾಗುತ್ತದೆ, ಸ್ವಲ್ಪ ಹೊಗೆ ಒಳಗೂ ಹೋಗುತ್ತದೆ. ಸೀಳದೆ ಸುಡುವವರು ಫೋರ್ಕಿನಿಂದ ನಾಲ್ಕೈದು ಕಡೆ ಚುಚ್ಚಲೇಬೇಕು. ಇಲ್ಲದಿದ್ದರೆ ಒಳಗಿನ ಹಬೆಗೆ ಕಾಯಿ ಸಿಡಿಯುತ್ತದೆ, ಸಿಡಿದ ಬಿಸಿ ತಿರುಳು ಕೈಗೆ ಅಂಟಿದರೆ ಬೊಬ್ಬೆ ಖಂಡಿತ.

ಈಗ ಸುಡುವ ಕೆಲಸ. ಕಾಯಿ ತೊಳೆದು ಒರೆಸಿ, ಮೈಗೆ ತೆಳುವಾಗಿ ಎಣ್ಣೆ ಸವರಿ. ಎಣ್ಣೆ ಇದ್ದರೆ ಸಿಪ್ಪೆ ಸಮನಾಗಿ ಸುಡುತ್ತದೆ, ಆಮೇಲೆ ಸುಲಿಯುವುದೂ ಸಲೀಸು. ಹೆಚ್ಚಾದರೆ ಹೊತ್ತಿಕೊಂಡು ಮಸಿ ಹಿಡಿಯುತ್ತದೆ. ಗ್ಯಾಸಿನ ಉರಿ ನೀಲಿಯಾಗಿದೆಯೇ ಒಮ್ಮೆ ನೋಡಿ. ಹಳದಿ ಉರಿ ಎಂದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಅದರ ಮಸಿಯೇ ಕಾಯಿಗೆ ಕೂರುತ್ತದೆ. ಬರ್ನರು ತೊಳೆದ ಮೇಲೆ ಸುಟ್ಟರಾಯಿತು. ಮಧ್ಯಮ ಉರಿ ಇಟ್ಟು ಕಾಯಿಯನ್ನು ಅಡ್ಡಲಾಗಿ ಮಲಗಿಸಿ, ಉರಿಯ ನಾಲಿಗೆಗಳು ಮೈ ಸುತ್ತದಂತೆ ನೋಡಿಕೊಳ್ಳಿ. ಎರಡು ಮೂರು ನಿಮಿಷಕ್ಕೊಮ್ಮೆ ತೊಟ್ಟು ಹಿಡಿದೋ ಇಕ್ಕಳದಿಂದಲೋ ಕಾಲು ಸುತ್ತು ತಿರುಗಿಸುತ್ತಾ ಹೋಗಬೇಕು. 300 ಗ್ರಾಮಿನ ಕಾಯಿಗೆ ಒಟ್ಟು ಹದಿನೈದರಿಂದ ಇಪ್ಪತ್ತು ನಿಮಿಷ. ಆದರೆ ಗಡಿಯಾರವನ್ನು ಅಷ್ಟಾಗಿ ನಂಬಬೇಡಿ, ಕಾಯಿಯೇ ಹೇಳುತ್ತದೆ.

ಮೊದಲು ಕಿವಿಗೆ. ಐದಾರು ನಿಮಿಷ ಚಟಪಟ ಎನ್ನುತ್ತದೆ, ಅದು ಸಿಪ್ಪೆ ಬಿರಿಯುವ ಸದ್ದು. ಆಮೇಲೆ ಸೀಳಿನಿಂದಲೋ ಚುಚ್ಚಿದ ತೂತುಗಳಿಂದಲೋ ಸೊಂಯ್ ಎನ್ನುವ ಸದ್ದು ಶುರುವಾಗುತ್ತದೆ, ಒಳಗಿನ ನೀರು ಹಬೆಯಾಗಿ ಹೊರಡುತ್ತಿದೆ ಎಂದು ಅರ್ಥ. ಈ ಸದ್ದು ಜೋರಾಗಿರುವಾಗ ಇಳಿಸಿದರೆ ನಡುಭಾಗ ಹಸಿಯೇ. ಕೊನೆಗೆ ಸದ್ದು ದಪ್ಪವಾಗಿ, ರಸ ಗುಳುಗುಳು ಕುದಿದು ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿ ಒಸರುತ್ತದೆ. ಮೊದಮೊದಲು ಬರುವ ರಸ ನೀರಿನಂತಿರುತ್ತದೆ, ಕೊನೆಯದ್ದು ಪಾಕಕ್ಕೆ ಬಂದಿರುತ್ತದೆ.

ಸಿಪ್ಪೆಯಲ್ಲೂ ಹೀಗೇ ಹಂತಗಳಿವೆ. ಹೊಳಪು ಹೋಗಿ ಮಂಕಾಗುತ್ತದೆ, ನೇರಳೆ ಕಂದಾಗುತ್ತದೆ, ಸುಕ್ಕುಗಟ್ಟುತ್ತದೆ, ತಿರುಳಿನಿಂದ ಬಿಟ್ಟು ಉಬ್ಬುತ್ತದೆ, ಕಡೆಗೆ ಒಣಗಿ ಕಪ್ಪು ಹಾಳೆಯಾಗಿ ಅಲ್ಲಲ್ಲಿ ಬೂದಿಯ ಬಿಳಿ ಹತ್ತುತ್ತದೆ. ಈ ಕೊನೆಯ ಹಂತ ಸುತ್ತಲೂ ಬಂದಾಗ ಹೊಗೆಯ ಪರಿಮಳಕ್ಕೆ ಬೇಕಾದಷ್ಟು ಸುಟ್ಟಾಯಿತು. ಗ್ಯಾಸಿನಲ್ಲಿ ಸುಡುವಾಗ ಆ ಪರಿಮಳ ಹುಟ್ಟುವುದು ಉರಿಯುವ ಸಿಪ್ಪೆಯಿಂದಲೇ, ಗ್ಯಾಸಿಗೆ ತನ್ನದೇ ಹೊಗೆ ಇಲ್ಲ. ಕಟ್ಟಿಗೆಯ ಕೆಂಡದಲ್ಲಾದರೆ ಕಟ್ಟಿಗೆಯ ಹೊಗೆಯೂ ಸೇರುತ್ತದೆ, ಬಚ್ಚಲೊಲೆಯ ರುಚಿ ಬೇರೆಯಾಗುವುದು ಅದಕ್ಕೇ.

ಆಮೇಲೆ ಆಕಾರ. ಬೆಂದ ಕಾಯಿ ತನ್ನ ಭಾರ ತಾನು ಹೊರಲಾರದು. ತೊಟ್ಟು ಹಿಡಿದು ಎತ್ತಿದರೆ ಕೆಳಗೆ ಜೋತುಬೀಳುತ್ತದೆ, ಸ್ಟ್ಯಾಂಡಿನ ಕಂಬಿಗಳ ನಡುವೆ ಇಳಿಬೀಳುತ್ತದೆ. ಹೊಟ್ಟೆಭಾಗ ಇಷ್ಟು ಆದಾಗಲೂ ತೊಟ್ಟಿನ ಬುಡ ಗಟ್ಟಿಯಾಗಿರುವುದೇ ಹೆಚ್ಚು. ಆಗ ಕಾಯಿಯನ್ನು ತಲೆಕೆಳಗು ಮಾಡಿ, ತೊಟ್ಟಿನ ಭಾಗ ಉರಿಯ ಕಡೆ ಬರುವಂತೆ ಇಕ್ಕಳದಲ್ಲಿ ಹಿಡಿದು, ಉರಿ ಸಣ್ಣಗೆ ಮಾಡಿ ಇನ್ನೆರಡು ಮೂರು ನಿಮಿಷ ಇಡಬೇಕು. ಟೊಪ್ಪಿಯ ಎಲೆಗಳು ಹೊತ್ತಿ ಉದುರಿದರೆ ಉದುರಲಿ. ಈಗ ಸಣ್ಣ ಕಡ್ಡಿಯನ್ನೋ ತೆಳ್ಳನೆಯ ಚಾಕುವನ್ನೋ ತೊಟ್ಟಿನಿಂದ ಒಂದು ಬೆರಳು ಕೆಳಗೆ, ನಡುವಿನವರೆಗೆ ಚುಚ್ಚಿ. ಎಲ್ಲೂ ತಡೆಯದೆ ಇಳಿಯಬೇಕು, ತೆಗೆದಾಗ ತುದಿ ಬಿಸಿಯಾಗಿರಬೇಕು. ನಡುವೆ ಎಲ್ಲಾದರೂ ಒಂದು ಚೂರು ಹಿಡಿದಂತಾದರೂ ಆಗಿಲ್ಲ.

ಇಳಿಸಿದ ಕೂಡಲೇ ಸುಲಿಯಲು ಹೋಗಬಾರದು. ಒಂದು ಪಾತ್ರೆಗೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಒಳಗಿನ ಹಬೆಯೇ ಸಿಪ್ಪೆಯನ್ನು ಬಿಡಿಸಿಕೊಡುತ್ತದೆ, ಸ್ವಲ್ಪ ಬೇಯಲು ಬಾಕಿ ಇದ್ದ ಜಾಗವನ್ನೂ ಬೇಯಿಸುತ್ತದೆ. ಮುಖ್ಯವಾಗಿ, ಸುಟ್ಟ ಸಿಪ್ಪೆಯ ಪರಿಮಳ ಒಳಗಿನ ತೇವಕ್ಕೆ ಇಳಿಯುವುದು ಈ ಹತ್ತು ನಿಮಿಷದಲ್ಲಿ. ಆಮೇಲೆ ನಲ್ಲಿಯ ಕೆಳಗೆ ಹಿಡಿದು ತೊಳೆಯುವವರಿದ್ದಾರೆ, ಅಷ್ಟು ಹೊತ್ತು ಮಾಡಿದ್ದೆಲ್ಲ ಸಿಂಕಿಗೆ. ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟುಕೊಂಡು ಬೆರಳು ಅದ್ದಿ ಅದ್ದಿ ಸುಲಿದರೆ ಸಾಕು. ಅಲ್ಲಲ್ಲಿ ಕಪ್ಪು ಚೂರು ಉಳಿದರೆ ಉಳಿಯಲಿ, ಗೊಜ್ಜಿಗೆ ಅದು ಲಕ್ಷಣವೇ. ಪಾತ್ರೆಯ ತಳದಲ್ಲಿ ನಿಂತ ಕಂದು ರಸವನ್ನು ಚೆಲ್ಲುವ ಮೊದಲು ಒಂದು ತೊಟ್ಟು ನೆಕ್ಕಿ ನೋಡಿ. ಎಳೆಕಾಯಿಯದ್ದಾದರೆ ಹೊಗೆಯ ಸಾರವೆಲ್ಲ ಅದರಲ್ಲೇ ಇರುತ್ತದೆ, ಗೊಜ್ಜಿಗೆ ಸೇರಿಸಬೇಕು. ಬಲಿತ ಕಾಯಿಯದ್ದಾದರೆ ಕಹಿ, ಬಿಡಬೇಕು.

ಒಳಗಿನ ಬಣ್ಣವೂ ಸುಳ್ಳು ಹೇಳುವುದಿಲ್ಲ. ಸರಿಯಾಗಿ ಬೆಂದ ತಿರುಳು ಅರೆಪಾರದರ್ಶಕ, ಕೆನೆ ಬಣ್ಣದ ಮೇಲೆ ತುಸು ಹಸಿರು ಛಾಯೆ, ಎಳೆದರೆ ಉದ್ದುದ್ದ ಎಳೆಯಾಗಿ ಬಿಡುತ್ತದೆ. ಬೇಯದ್ದು ಸುಣ್ಣದ ಬಿಳಿ, ಒತ್ತಿದರೆ ಮತ್ತೆ ಉಬ್ಬುತ್ತದೆ. ಸುಟ್ಟದ್ದು ಹೆಚ್ಚಾದರೆ ತಿರುಳು ಒಣಗಿ ಸಿಪ್ಪೆಗೇ ಕಚ್ಚಿಕೊಂಡಿರುತ್ತದೆ, ಆ ಪದರವನ್ನು ಕೆರೆದು ಗೊಜ್ಜಿಗೆ ಹಾಕಬೇಡಿ. ಬೇಯದ ಗಂಟು ಸಿಕ್ಕಿದರೆ ಮತ್ತೆ ಉರಿಗೆ ಹಿಡಿಯುವುದರಲ್ಲಿ ಅರ್ಥವಿಲ್ಲ, ಸಿಪ್ಪೆ ಹೋಗಿಯಾಗಿದೆ. ಆ ಭಾಗವನ್ನಷ್ಟೇ ಸಣ್ಣಗೆ ಹೆಚ್ಚಿ ಒಂದು ಚಮಚ ನೀರು ಚಿಮುಕಿಸಿ ಮುಚ್ಚಿದ ಬಾಣಲೆಯಲ್ಲಿ ಬೇಯಿಸಿ ಉಳಿದದ್ದರ ಜೊತೆ ಕಿವುಚಿದರಾಯಿತು. ಸುಲಿದ ತಿರುಳು ಗಾಳಿಗಿಟ್ಟರೆ ಕಂದಾಗುತ್ತದೆ. ಬದನೆಯಲ್ಲಿರುವ ಕ್ಲೋರೋಜೆನಿಕ್ ಆಮ್ಲ ಗಾಳಿಯ ಜೊತೆ ಸೇರಿ ಆಗುವ ಬದಲಾವಣೆ ಅದು, ಕೆಟ್ಟದ್ದಲ್ಲ. ಹುಣಸೆರಸಕ್ಕೆ ಬೇಗ ಸೇರಿಸಿದರೆ ಬಣ್ಣ ಅಷ್ಟಾಗಿ ಕೆಡುವುದಿಲ್ಲ.

ಇಂಡಕ್ಷನ್ ಒಲೆಯ ಅಪಾರ್ಟ್‌ಮೆಂಟುಗಳಲ್ಲಿರುವವರು, ಹೊರದೇಶದಲ್ಲಿ ಹೊಗೆ ಅಲಾರಂ ಭಯದಲ್ಲಿ ಅಡುಗೆ ಮಾಡುವವರು ಓವನ್ನಿಗೆ ಹೋಗಬೇಕಾಗುತ್ತದೆ. ನನ್ನ ಅಕ್ಕ ಅಮೆರಿಕದಲ್ಲಿದ್ದಾಳೆ, ಅಲ್ಲಿ ಸಿಗುವ ದೊಡ್ಡ ನೇರಳೆ ಬದನೆ ಒಂದೊಂದೂ ಅರ್ಧ ಕೇಜಿಯ ಮೇಲೆ. ಅಷ್ಟು ದಪ್ಪದ್ದಕ್ಕೆ ನಿಜವಾಗಿ ಓವನ್ನೇ ವಾಸಿ. ಚುಚ್ಚಿ, ಎಣ್ಣೆ ಸವರಿ, 230 ಡಿಗ್ರಿಯಲ್ಲಿ ಇಡಿಯಾಗಿ ನಲವತ್ತೈದರಿಂದ ಅರವತ್ತು ನಿಮಿಷ, ಅರ್ಧದಲ್ಲಿ ಒಮ್ಮೆ ತಿರುಗಿಸಿ. ತಿರುಳು ತೊಟ್ಟಿನವರೆಗೂ ಸಮನಾಗಿ ಬೇಯುತ್ತದೆ, ಆ ಮಟ್ಟಿಗೆ ಗ್ಯಾಸಿಗಿಂತ ಮೇಲು. ಆದರೆ ಓವನ್ನಿನಲ್ಲಿ ಸಿಪ್ಪೆ ಸುಕ್ಕುಗಟ್ಟಿ ಒಣಗುತ್ತದೆ ಹೊರತು ಹೊತ್ತುವುದಿಲ್ಲ. ಹೊತ್ತದಿದ್ದರೆ ಹೊಗೆಯಿಲ್ಲ. ಬರುವುದು ಸಿಹಿಯಾದ, ಸೌಮ್ಯವಾದ ತಿರುಳು, ಗೊಜ್ಜು ಮಾಡಿದರೆ ಏನೋ ಕಳೆದುಹೋದಂತೆ. ಕೊನೆಯ ಐದಾರು ನಿಮಿಷ ಓವನ್ನಿನ ಮೇಲ್ಭಾಗದ ಗ್ರಿಲ್ ಸುರುಳಿಗೆ ಆದಷ್ಟು ಹತ್ತಿರ ಇಟ್ಟು, ತಿರುಗಿಸಿ ತಿರುಗಿಸಿ ಸಿಪ್ಪೆ ಕಪ್ಪಾಗಿಸಿದರೆ ಅರ್ಧದಷ್ಟು ವಾಪಸು ಬರುತ್ತದೆ. ಗ್ಯಾಸೂ ಓವನ್ನೂ ಎರಡೂ ಇರುವವರಿಗೆ ನಾನು ಹೇಳುವುದು, ಮೊದಲು ಉರಿಯಲ್ಲಿ ಐದಾರು ನಿಮಿಷ ಸುತ್ತಲೂ ಸಿಪ್ಪೆ ಸುಟ್ಟು, ಆಮೇಲೆ 200 ಡಿಗ್ರಿ ಓವನ್ನಿನಲ್ಲಿ ಅರ್ಧ ಗಂಟೆ ಬೇಯಿಸಿ. ಎರಡು ಕೆಲಸಕ್ಕೆ ಎರಡು ಒಲೆ.

ಓವನ್ನು ಬಿಸಿಯಿದ್ದಾಗ ಜೊತೆಗೆ ಗೆಣಸನ್ನೂ ಇಡೋಣ ಎನಿಸುವುದು ಸಹಜ, ಆದರೆ ಅದರ ಲೆಕ್ಕ ಪೂರ್ತಿ ಉಲ್ಟಾ. ಬದನೆಗೆ ಜೋರು ಬಿಸಿ ಬೇಕು, ಗೆಣಸಿಗೆ ನಿಧಾನ ಬೇಕು. ಗೆಣಸಿನಲ್ಲಿರುವ ಒಂದು ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ, ಅದು ಚುರುಕಾಗಿ ಕೆಲಸ ಮಾಡುವುದು ಸುಮಾರು 60ರಿಂದ 75 ಡಿಗ್ರಿಯ ನಡುವೆ. ಕುಕ್ಕರಿನಲ್ಲಿ ಆ ಹಂತವನ್ನು ಸರ್ರನೆ ದಾಟಿಬಿಡುವುದರಿಂದ ಗೆಣಸು ಬೇಯುತ್ತದೆ, ಸಿಹಿ ಮಾತ್ರ ಅಷ್ಟಕ್ಕಷ್ಟೆ. ಬಚ್ಚಲೊಲೆಯ ಬಿಸಿ ಬೂದಿಯಲ್ಲಿ ಹೂತಿಟ್ಟ ಗೆಣಸು ಆ ಹಂತದಲ್ಲೇ ಬಹಳ ಹೊತ್ತು ಕೂರುತ್ತದೆ. ಓವನ್ನಿನಲ್ಲಾದರೆ ತಣ್ಣನೆಯ ಓವನ್ನಿಗೇ ಇಟ್ಟು 180 ಡಿಗ್ರಿಗೆ ಹಾಕಿ, ಮಧ್ಯಮ ಗಾತ್ರದ್ದಕ್ಕೆ ಒಂದು ಗಂಟೆಯ ಮೇಲೆ ಬಿಡಿ. ಸಿಪ್ಪೆ ತಿರುಳಿನಿಂದ ಬಿಟ್ಟು ಟೊಳ್ಳಾಗಿ ಸದ್ದು ಮಾಡಬೇಕು, ತುದಿಗಳಲ್ಲಿ ಕಪ್ಪು ಪಾಕ ಒಸರಿ ಗಟ್ಟಿಯಾಗಿರಬೇಕು. ಆ ಪಾಕ ಕಾಣದೆ ತೆಗೆದರೆ ಚಾಕು ಇಳಿದರೂ ಸಿಹಿ ಪೂರ್ತಿ ಬಂದಿರುವುದಿಲ್ಲ. ನೇರ ಉರಿಗೆ ಹಿಡಿಯುವ ಹುಚ್ಚು ಬೇಡ, ಹೊರಗೆ ಇದ್ದಿಲು, ಒಳಗೆ ಹಸಿ ಹಿಟ್ಟು.

ಮತ್ತೆ ಬದನೆಗೆ ಬಂದರೆ, 350 ಗ್ರಾಮಿನ ಒಂದು ಕಾಯಿ ಸುಲಿದರೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಿರುಳು ಸಿಗುತ್ತದೆ, ಮೂರು ಜನರ ಅನ್ನಕ್ಕೆ ಸಾಕು. ಒಂದು ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ನೀರಲ್ಲಿ ನೆನೆಸಿ ಕಿವುಚಿ ರಸ ತೆಗೆದು, ಅದಕ್ಕೆ ಉಪ್ಪು, ಹುಣಸೆಯಷ್ಟೇ ಬೆಲ್ಲ, ಬದನೆಯ ಜೊತೆಗೇ ಸುಟ್ಟ ಎರಡು ಹಸಿಮೆಣಸು ಹಾಕಿ ಕೈಯಲ್ಲೇ ನುರಿಯಿರಿ. ತಿರುಳನ್ನೂ ಕೈಯಲ್ಲೇ ಕಿವುಚಿ ಸೇರಿಸಿ. ಮಿಕ್ಸಿ ಮುಟ್ಟಿದರೆ ಬೀಜ ಒಡೆದು ಕಹಿ ಬಿಡುತ್ತದೆ, ಎಳೆಯೂ ಸತ್ತುಹೋಗುತ್ತದೆ. ಇದನ್ನು ಕುದಿಸುವುದಿಲ್ಲ. ಕುದಿಸಿದರೆ ಮೊದಲು ಹಾರಿಹೋಗುವುದೇ ಹೊಗೆಯ ಪರಿಮಳ. ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಚಿಟಿಕೆ ಇಂಗು, ಕರಿಬೇವಿನ ಒಗ್ಗರಣೆ. ಬೆಳ್ಳುಳ್ಳಿ ಹಾಕುವ ಮನೆಯವರು ಇಂಗು ಬಿಟ್ಟು ನಾಲ್ಕು ಎಸಳು ಜಜ್ಜಿ ಕೆಂಪಗೆ ಹುರಿದು ಹಾಕುತ್ತಾರೆ, ಅದೂ ಚೆನ್ನ. ಮೊಸರಿನ ಜೊತೆ ಮಾಡುವುದಾದರೆ ಹುಣಸೆ ಬೆಲ್ಲ ಬಿಟ್ಟು, ತಿರುಳು ಪೂರ್ತಿ ಆರಿದ ಮೇಲೆ ಮೊಸರು ಬೆರೆಸಬೇಕು, ಬಿಸಿಯಲ್ಲಿ ಬೆರೆಸಿದರೆ ಒಡೆದು ನೀರು ಬಿಡುತ್ತದೆ. ಹಸಿ ಈರುಳ್ಳಿ ಹಾಕುವ ಆಸೆಯಿದ್ದರೆ ಬಡಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿಟ್ಟರೆ ಮಧ್ಯಾಹ್ನದ ಗೊಜ್ಜಿನಲ್ಲಿ ರಾತ್ರಿಗೆ ಈರುಳ್ಳಿ ಬಿಟ್ಟು ಬೇರೇನೂ ರುಚಿ ಸಿಗುವುದಿಲ್ಲ.